ನೂರ ಅರವತ್ತೆಂಟರ ಆಚೆ

ಕೈಗಡಿಯಾರ ಮತ್ತೆ ಗುರ್ರೆಂದಿತು. ಬಸ್ಸಕ್ಕ ಬಸ್ ಡಿಪೋ ಹಿಂದಿನ ಏರಿನ ಅರ್ಧದಲ್ಲಿದ್ದಳು. ಉಸಿರು ಜೋರಾಗಿತ್ತು, ಆದರೆ ಕಾಲು ಹೇಳಿದ ಮಾತು ಕೇಳುತ್ತಿತ್ತು, ಇನ್ನೂ ಒಂದಿಷ್ಟು ದೂರ ಹೀಗೇ ಹೋಗಬಲ್ಲೆನೆಂಬ ಧೈರ್ಯವೂ ಇತ್ತು. ಗಡಿಯಾರಕ್ಕೆ ಮಾತ್ರ ಆ ಧೈರ್ಯ ಇರಲಿಲ್ಲ. ಎದೆಬಡಿತ ನೂರ ಐವತ್ತು ದಾಟಿತೋ ಇಲ್ಲವೋ, ಅದು ಮುಖ ಕೆಂಪಗೆ ಮಾಡಿಕೊಂಡು ಮಣಿಕಟ್ಟಿನ ಮೇಲೆ ಗಡಗಡ ನಡುಗುತ್ತಿತ್ತು. ವೇಗ ಇಳಿಸುವವರೆಗೂ ಬಿಡುತ್ತಿರಲಿಲ್ಲ.

"ಆಯ್ತು ಕಣೋ, ಇಳಿಸ್ತೀನಿ, ಬಾಯಿ ಮುಚ್ಚು," ಎಂದು ಗಡಿಯಾರಕ್ಕೆ ಗದರಿ ಅವಳು ವೇಗ ತಗ್ಗಿಸಿದಳು. ಇವಳಿಗಿಂತ ಹಿಂದಿದ್ದ ಇಬ್ಬರು ಹುಡುಗರು "ನಮಸ್ಕಾರ ಅಕ್ಕಾ" ಎನ್ನುತ್ತ ದಾಟಿಕೊಂಡು ಹೋದರು. ಅವರ ನಮಸ್ಕಾರ ಅವಳ ಮೈಯೆಲ್ಲ ಉರಿಸಿತು.

ಅವಳು ಶಾಲಾ ಬಸ್ಸು ಓಡಿಸುವವಳು. ಹತ್ತಿಳಿಯುವ ಮಕ್ಕಳೆಲ್ಲ ಬಸ್ಸಕ್ಕ, ಬಸ್ಸಕ್ಕ ಎಂದು ಕೂಗಿ ಕೂಗಿ ಮನೆಯವರೂ ಹಾಗೆಯೇ ಕರೆಯುವಂತಾಗಿತ್ತು. ವಯಸ್ಸು ಐವತ್ತೆರಡು. ದಿನವಿಡೀ ಸ್ಟಿಯರಿಂಗಿನ ಹಿಂದೆ ಕೂತು ಸೊಂಟ ಹಿಡಿದುಕೊಂಡಾಗ ಓಡಲು ಶುರುಮಾಡಿದವಳು, ಸೊಂಟ ಸರಿಹೋದ ಮೇಲೂ ಬಿಡಲಿಲ್ಲ. ಎರಡು ವರ್ಷದಿಂದ ಬೆಳಿಗ್ಗೆ ಬಸ್ಸು ತೆಗೆಯುವ ಮುಂಚೆ ಓಡುತ್ತಿದ್ದಳು.

ಅವಳು ಸೇರಿದ್ದ ಓಟದ ಕ್ಲಬ್ಬು ಅವಳ ತಮ್ಮನದೇ. ಅವನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸೀಟಿ ಇಲ್ಲದೆ ಅವನನ್ನು ಕಂಡವರಿಲ್ಲ. ಮದುವೆಯ ಫೋಟೋದಲ್ಲೂ ಇರಬೇಕು, ಹಾರದ ಕೆಳಗೆ. ಅದಕ್ಕೇ ಊರೆಲ್ಲ ಅವನಿಗೆ ಸೀಟಿ ಮೇಷ್ಟ್ರು ಎಂದೇ ಹೆಸರು. ಒಳ್ಳೆಯವನು, ಕ್ಲಬ್ಬಿಗೆ ಯಾರಿಂದಲೂ ಚಿಕ್ಕಾಸು ಮುಟ್ಟಿದವನಲ್ಲ. ಆದರೆ ನಿಯಮ ಎಂದರೆ ಅವನಿಗೆ ಪ್ರಾಣ. ಕ್ಲಬ್ಬಿನಲ್ಲಿ ಎರಡು ಗುಂಪು ಮಾಡಿದ್ದ. ನೀಲಿ ಗುಂಪಿನವರು ರಸ್ತೆಯಲ್ಲಿ ಮೆಲ್ಲಗೆ ಓಡಬೇಕು. ಕೆಂಪು ಗುಂಪಿನವರು ವಾರಕ್ಕೊಮ್ಮೆ, ಗುರುವಾರ, ಮೈದಾನದ ಟ್ರ್ಯಾಕಿನಲ್ಲಿ ಅವನ ಸೀಟಿಗೆ ಸರಿಯಾಗಿ ಬಿರುಸಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡಬೇಕು. ಕೆಂಪಿಗೆ ಹೋಗಬೇಕೆಂದರೆ ಗಡಿಯಾರ ತೋರಿಸುವ 'ವಿಓಟು ಮ್ಯಾಕ್ಸ್' ಮೂವತ್ತೈದಾದರೂ ಇರಬೇಕು.

ವಿಓಟು ಮ್ಯಾಕ್ಸ್ ಎಂದರೆ, ಮೈ ತನ್ನ ಕೈಲಾದಷ್ಟೂ ದುಡಿಯುವಾಗ ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಹೀರಿ ಬಳಸಿಕೊಳ್ಳಬಲ್ಲದು ಎಂಬ ಅಳತೆ. ತೂಕದ ಒಂದೊಂದು ಕಿಲೋಗೂ ಇಷ್ಟು ಮಿಲಿಲೀಟರು ಎಂದು ಹೇಳುತ್ತಾರೆ. ಬಸ್ಸಕ್ಕನ ಗಡಿಯಾರ ಎರಡು ವರ್ಷದಿಂದ ಇಪ್ಪತ್ತೊಂಬತ್ತು ಎನ್ನುತ್ತಿತ್ತು. ಆಗೊಮ್ಮೆ ಈಗೊಮ್ಮೆ ದೊಡ್ಡ ಮನಸ್ಸು ಮಾಡಿ ಮೂವತ್ತು ಎಂದು, ಮಾರನೆಯ ದಿನ ನಾಲಿಗೆ ಹೊರಳಿಸುತ್ತಿತ್ತು.

ಆ ದಿನ ಅವಳು ನೇರ ಮೈದಾನಕ್ಕೆ ಹೋಗಿ ತಮ್ಮನ ಎದುರು ನಿಂತಳು. ಬೆವರು ಇನ್ನೂ ಕಣ್ಣಿಗೆ ಇಳಿಯುತ್ತಿತ್ತು.

"ನನ್ನನ್ನ ಕೆಂಪಿಗೆ ಹಾಕೋ."

"ಎಷ್ಟಿದೆ?"

"ಎಷ್ಟಿದ್ರೆ ಏನು? ಆ ಹುಡುಗರನ್ನ ಬೇಕಾದ್ರೆ ಏರಲ್ಲಿ ಹಿಂದೆ ಹಾಕ್ತೀನಿ. ಈ ದರಿದ್ರದ್ದು ಬಿಡಲ್ಲ."

"ಅಕ್ಕಾ, ಅದು ಬಿಡಲ್ಲ ಅಂದ್ರೆ ಅದಕ್ಕೆ ಕಾರಣ ಇದೆ." ಅವನು ಮಕ್ಕಳಿಗೆ ಪಾಠ ಹೇಳುವ ದನಿ ತೆಗೆದ. "ಇನ್ನೂರ ಇಪ್ಪತ್ತರಲ್ಲಿ ನಿನ್ನ ವಯಸ್ಸು ಕಳಿ. ನೂರ ಅರವತ್ತೆಂಟು. ನಿನ್ನ ಹೃದಯ ಅದಕ್ಕಿಂತ ಜೋರಾಗಿ ಬಡಿಯೋ ಹಾಗಿಲ್ಲ. ನೂರ ಐವತ್ತಕ್ಕೇ ನೀನು ಅಂಚಿಗೆ ಬಂದಿರ್ತೀಯ, ಅದಕ್ಕೇ ನಾನು ಅಲ್ಲಿಗೇ ಅಲಾರಂ ಇಟ್ಟುಕೊಟ್ಟಿದ್ದು. ಇನ್ನು ಈ ವಯಸ್ಸಲ್ಲಿ ಆ ನಂಬರ್ ಇಳಿಯತ್ತೆ ಹೊರತು ಏರಲ್ಲ. ಮೆಲ್ಲಗೆ ಓಡು, ಚೆನ್ನಾಗಿರು. ಯಾರು ಬೇಡ ಅಂದ್ರು?"

"ನೀನೇ ಅಂತಿದೀಯಲ್ಲ ಬೇಡ ಅಂತ."

"ಬರೋ ತಿಂಗಳು ನಿನಗೆ ಐವತ್ಮೂರು," ಎಂದ ಅವನು, ಮೈದಾನದ ಬೇಲಿಯ ಕಡೆ ನೋಡುತ್ತ.

ಐವತ್ಮೂರು ಎಂದರೆ ಇಬ್ಬರಿಗೂ ಒಂದೇ ಅರ್ಥ. ಅಪ್ಪ ಐವತ್ಮೂರಕ್ಕೆ ಹೋದವರು. ಹೊರಡುತ್ತಿದ್ದ ಬಸ್ಸು ಹಿಡಿಯಲು ಓಡಿ, ಮೆಟ್ಟಿಲಿಗೆ ಒಂದು ಕಾಲಿಟ್ಟು, ಅಲ್ಲೇ ಕುಸಿದಿದ್ದರು. ಜೊತೆಯಲ್ಲಿ ಚೀಲ ಹಿಡಿದುಕೊಂಡು ಓಡುತ್ತಿದ್ದವನು ಈ ತಮ್ಮ. ಅಕ್ಕ ಆಗ ಮನೆಯಲ್ಲಿದ್ದಳು. ಆಮೇಲೆ ಅವಳು ಬಸ್ಸಿನ ಡ್ರೈವರಾದಳು, ಓಡಿ ಬರುವವರನ್ನು ಬಿಟ್ಟು ಯಾವತ್ತೂ ಬಸ್ಸು ತೆಗೆದವಳಲ್ಲ. ಅವನು ಸೀಟಿ ಮೇಷ್ಟ್ರಾದ.

ಅಪ್ಪನನ್ನು ಎಳೆದು ತಂದ ಮೇಲೆ ಅವಳು ಬೆವರು ಒರೆಸಿಕೊಂಡು ಹೊರಟುಬಿಟ್ಟಳು. ಸೋತು ಸುಮ್ಮನಾದಳು ಎಂದು ತಮ್ಮ ತಿಳಿದುಕೊಂಡ. ಅಕ್ಕನ ಜೊತೆ ಇಷ್ಟು ವರ್ಷ ಬೆಳೆದವನಿಗೆ ಅಷ್ಟು ಗೊತ್ತಾಗಬೇಡವೇ!

ಮನೆಯಲ್ಲಿ ಯಜಮಾನರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಹಳೆಯ ಗೋಡೆಗಡಿಯಾರ ಬಿಚ್ಚಿ ಕೂತಿದ್ದರು. ಅವರದು ಗಡಿಯಾರ ರಿಪೇರಿ ಕಸುಬು. ಹೆಂಡತಿಯ ಮಣಿಕಟ್ಟಿನಲ್ಲಿರುವುದನ್ನು ಅವರು ಗಡಿಯಾರ ಎಂದು ಒಪ್ಪಿದವರೇ ಅಲ್ಲ.

"ಅದು ಚಾಡಿಕೋರ ಕಣೇ," ಎಂದರು ಚಿಮಟದ ತುದಿಯಿಂದ ಕಣ್ಣೆತ್ತದೆ. "ಗಂಟೆ ಎಷ್ಟು ಅಂತ ಹೇಳೋದು ಬಿಟ್ಟು ಊರ ಉಸಾಬರಿ ಎಲ್ಲ ಮಾಡತ್ತೆ."

"ಅದು ಹೇಳೋದು ಸುಳ್ಳು ಅಂತ ನನ್ನ ಮೈ ಹೇಳ್ತಿದೆ ರೀ."

"ಹಾಗಿದ್ರೆ ಸರಿಯಾದ ಅಳತೆಗೆ ಹಾಕಿ ನೋಡು. ನಾನಂತೂ ಒಂದು ಗಡಿಯಾರ ತಪ್ಪೋ ಸರಿಯೋ ಅಂತ ಅದನ್ನೇ ಕೇಳಲ್ಲ."

ಈ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನ ಮಧ್ಯಾಹ್ನ, ಬಸ್ಸಿನಿಂದ ಮಗಳನ್ನು ಇಳಿಸಿಕೊಳ್ಳಲು ಬಂದ ಒಬ್ಬ ತಾಯಿಯನ್ನು ಅವಳು ಕಿಟಕಿಯಿಂದಲೇ ಕೂಗಿ ನಿಲ್ಲಿಸಿದಳು. ಆಕೆ ಕ್ರೀಡಾ ಕಾಲೇಜಿನಲ್ಲಿ ಓಟಗಾರರನ್ನು ಪರೀಕ್ಷೆ ಮಾಡುವ ಲ್ಯಾಬಿನವಳು ಎಂಬುದು ಬಸ್ಸಕ್ಕನಿಗೆ ಗೊತ್ತಿತ್ತು. ಮಗಳೇ ಹೇಳಿದ್ದಳು, "ನಮ್ಮಮ್ಮ ಜನರಿಗೆ ಮುಖವಾಡ ಹಾಕಿ ಓಡಿಸ್ತಾಳೆ" ಎಂದು.

ಲ್ಯಾಬಿನ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದೆ ನಿಂತಿದ್ದ ಕಾರೊಂದು ಹಾರನ್ ಮಾಡಿತು, ಇಬ್ಬರೂ ಅದಕ್ಕೆ ಸೊಪ್ಪು ಹಾಕಲಿಲ್ಲ.

"ಗಡಿಯಾರ ಆಮ್ಲಜನಕ ಅಳೆಯೋದೇ ಇಲ್ಲ ಅಕ್ಕಾ," ಎಂದಳು ಮೇಡಂ. "ಇಷ್ಟು ವೇಗಕ್ಕೆ ಹೃದಯ ಇಷ್ಟು ಸಲ ಬಡಿತು ಅಂತ ನೋಡತ್ತೆ. ಹೃದಯದ ಕೊನೇ ಮಿತಿ ಎಷ್ಟು ಅಂತ ಒಂದು ಅಂದಾಜು ಇಟ್ಕೊಂಡಿರತ್ತೆ. ಆ ಮಿತಿ ಮುಟ್ಟಿದಾಗ ಎಷ್ಟು ವೇಗ ಇರಬಹುದು, ಆ ವೇಗಕ್ಕೆ ಎಷ್ಟು ಆಮ್ಲಜನಕ ಬೇಕು, ಅಂತ ಲೆಕ್ಕ ಹಾಕಿ ಹೇಳತ್ತೆ. ಮಿತಿಯ ಅಂದಾಜು ತಪ್ಪಿದ್ರೆ ಎಲ್ಲಾ ತಪ್ಪು."

"ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆಯೋದು ತಪ್ಪಾ?"

"ಸಾವಿರ ಜನರ ಸರಾಸರಿಗೆ ಹತ್ತಿರ ಇರಬಹುದು. ಒಬ್ಬೊಬ್ಬರನ್ನೇ ಹಿಡಿದ್ರೆ ಹತ್ತು ಹದಿನೈದು ಬಡಿತ ಆಚೀಚೆ ಮಾಮೂಲಿ. ಇಪ್ಪತ್ತೂ ಆಗತ್ತೆ. ಮೇಲಿರೋರನ್ನ ಗಡಿಯಾರ ಕಡಿಮೆ ಅಂತ ತೋರಿಸತ್ತೆ, ಕೆಳಗಿರೋರನ್ನ ಜಾಸ್ತಿ ಅಂತ."

"ಮತ್ತೆ ಅದು ಕಲಿತುಕೊಳ್ಳಲ್ವಾ? ಎರಡು ವರ್ಷ ಕಟ್ಕೊಂಡಿದೀನಿ."

"ಮೇಲಕ್ಕೆ ಹೋಗಿದ್ರೆ ಕಲೀತಿತ್ತು. ನೂರ ಐವತ್ತಕ್ಕೇ ನಿಂತುಬಿಡ್ತೀರಲ್ಲ, ಅದಕ್ಕೇನು ಗೊತ್ತಾಗಬೇಕು?"

ಬಸ್ಸಕ್ಕನಿಗೆ ಎದುರಿನ ಡ್ಯಾಶ್‌ಬೋರ್ಡು ಕಾಣಿಸಿತು. ಅವಳ ಬಸ್ಸಿಗೆ ಸ್ಪೀಡ್ ಗವರ್ನರ್ ಇದೆ. ಎಷ್ಟು ತುಳಿದರೂ ಒಂದು ವೇಗದಾಚೆ ಹೋಗುವುದಿಲ್ಲ. ಮಕ್ಕಳ ಬಸ್ಸಿಗೆ ಅದು ಇರಲೇಬೇಕು. ಆದರೆ ಅದೇ ವೇಗವನ್ನು ತೋರಿಸಿ ಎಂಜಿನ್ನಿಗೆ ಇಷ್ಟೇ ಶಕ್ತಿ ಎಂದರೆ ಯಾವ ಮೆಕ್ಯಾನಿಕ್ಕೂ ನಕ್ಕುಬಿಡುತ್ತಾನೆ. ತಮ್ಮ ತನಗೆ ಗವರ್ನರ್ ಕೂರಿಸಿ, ಆಮೇಲೆ ಎಂಜಿನ್ ಸಣ್ಣದು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಯಾವಾಗ ಬರಲಿ?" ಎಂದಳು.

"ಮೊದಲು ಹೃದಯದ ಡಾಕ್ಟರ್ ಹತ್ರ ಹೋಗಿ. ಅಪ್ಪನ ವಿಷಯ ಹೇಳಿ. ಅವರು ಆಗಲಿ ಅಂದ್ರೆ ನಾನು ಓಡಿಸ್ತೀನಿ. ಅವರು ಬೇಡ ಅಂದ್ರೆ ಕಾಲಿಗೆ ಬಿದ್ರೂ ಓಡಿಸಲ್ಲ."

ಡಾಕ್ಟರು ಎದೆಗೆ ತಂತಿ ಅಂಟಿಸಿದರು, ಸ್ಕ್ಯಾನ್ ಮಾಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಅಪ್ಪ ಸಿಗರೇಟು ಸೇದುತ್ತಿದ್ದರಾ ಎಂದು ಕೇಳಿದರು. ಒಂದರ ಬೆಂಕಿಯಲ್ಲಿ ಇನ್ನೊಂದು ಹಚ್ಚುತ್ತಿದ್ದರು ಎಂದಳು. ಎಲ್ಲ ನೋಡಿ, ಓಡಿ ಎಂದರು.

ಪರೀಕ್ಷೆಯ ದಿನ ತಮ್ಮ ತಾನೇ ಬಂದ. ಯಾರು ಹೇಳಿದರೋ, ಯಜಮಾನರೇ ಊದಿರಬೇಕು. ಗಡಿಯಾರವನ್ನು ಚಾಡಿಕೋರ ಎನ್ನುವವರ ಬಾಯಿಯೂ ಅಷ್ಟೇನು ಬಿಗಿಯಲ್ಲ.

ಲ್ಯಾಬು ಕಾಲೇಜಿನ ಕೆಳಮಹಡಿಯಲ್ಲಿತ್ತು. ಸ್ಪಿರಿಟ್ಟು, ರಬ್ಬರು, ಹಳೆ ಬೆವರು ಮೂರೂ ಬೆರೆತ ವಾಸನೆ. ನಡುವೆ ದೊಡ್ಡ ಟ್ರೆಡ್‌ಮಿಲ್ಲು, ಪಕ್ಕದಲ್ಲಿ ಎರಡು ಪರದೆ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಗ್ಯಾಸ್ ಸಿಲಿಂಡರು. ಮೇಡಂ ತೋಳಿನಷ್ಟು ದಪ್ಪದ ಸಿರಿಂಜಿನಿಂದ ಯಂತ್ರದೊಳಕ್ಕೆ ಗಾಳಿ ನೂಕಿ, ಎಳೆದು, ಮತ್ತೆ ನೂಕಿ ಅದು ಸರಿಯಾಗಿ ಅಳೆಯುತ್ತಿದೆಯೇ ನೋಡಿದಳು. ಆಮೇಲೆ ಸಿಲಿಂಡರಿನ ಗ್ಯಾಸು ಬಿಟ್ಟು, ಅದರಲ್ಲಿ ಎಷ್ಟು ಆಮ್ಲಜನಕ ಇದೆಯೆಂದು ಗೊತ್ತಿತ್ತೋ ಅಷ್ಟನ್ನೇ ಯಂತ್ರವೂ ಹೇಳುವವರೆಗೆ ತಿದ್ದಿದಳು. ಬಸ್ಸಕ್ಕನಿಗೆ ಯಜಮಾನರ ಮಾತು ನೆನಪಾಗಿ ಸಮಾಧಾನವಾಯಿತು. ಮೂಲೆಯ ಕುರ್ಚಿಯಲ್ಲಿ ಕಾಲೇಜಿನ ಡಾಕ್ಟರು ಎದೆಯ ಗೆರೆಗಳು ಓಡುವ ಪರದೆಯನ್ನೇ ನೋಡುತ್ತ ಕೂತಿದ್ದರು.

ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಬಿಗಿದ ಮೇಲೆ ಮಾತು ನಿಂತಿತು. ಒಳಕ್ಕೆ ಹೋದ ಗಾಳಿಗೂ ಹೊರಕ್ಕೆ ಬಂದ ಗಾಳಿಗೂ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸ ಎಂಬುದೇ ಲೆಕ್ಕ, ಎಂದು ಮೇಡಂ ವಿವರಿಸಿದಳು. "ಹೆಬ್ಬೆರಳು ಮೇಲೆ ಅಂದ್ರೆ ಇನ್ನೂ ಆಗತ್ತೆ. ಕೆಳಗೆ ಅಂದ್ರೆ ನಿಲ್ಲಿಸಿ. ಎದೆ ನೋವು, ತಲೆಸುತ್ತು ಬಂದ್ರೆ ಕೂಡಲೇ ಕೆಳಗೆ ಮಾಡಬೇಕು, ಪೌರುಷ ತೋರಿಸೋ ಹಾಗಿಲ್ಲ."

ಬಸ್ಸಕ್ಕ ಹೆಬ್ಬೆರಳೆತ್ತಿದಳು.

ಮೊದಮೊದಲು ಸಲೀಸು. ವೇಗ ಒಂದೇ ಇತ್ತು, ಆದರೆ ನಿಮಿಷ ನಿಮಿಷಕ್ಕೂ ಪಟ್ಟಿಯ ಮುಂದಿನ ತುದಿ ಒಂದಿಷ್ಟು ಮೇಲೇಳುತ್ತಿತ್ತು. ಡಿಪೋ ಹಿಂದಿನ ಏರು ಕೊನೆಯೇ ಇಲ್ಲದೆ ಬೆಳೆಯುತ್ತ ಹೋದ ಹಾಗೆ. ನೂರ ಐವತ್ತು ಬಂತು. ಗುರ್ರೆನ್ನಲು ಮಣಿಕಟ್ಟಿನಲ್ಲಿ ಏನೂ ಇರಲಿಲ್ಲ. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. ನೂರ ಐವತ್ತೆಂಟು. ನೂರ ಅರವತ್ತೈದು. ಈಗ ಉಸಿರು ಮಾಸ್ಕಿನೊಳಗೆ ಭೋರ್ಗರೆಯುತ್ತಿತ್ತು.

ನೂರ ಅರವತ್ತೆಂಟು.

"ಸಾಕು, ನಿಲ್ಲಿಸಿ!" ಎಂದ ತಮ್ಮ. ಯಾರೂ ನಿಲ್ಲಿಸಲಿಲ್ಲ. "ಮೇಡಂ, ಕೊನೆ ಬಂತು, ಅವಳ ಮಿತಿ ಮುಗೀತು!"

"ಅದು ನಿಲ್ಲಿಸೋಕೆ ಕಾರಣ ಅಲ್ಲ ಮೇಷ್ಟ್ರೇ. ಡಾಕ್ಟ್ರೇ, ಗೆರೆ ಹೇಗಿದೆ?"

"ಚೆನ್ನಾಗಿದೆ," ಎಂದರು ಡಾಕ್ಟರು.

"ಅಕ್ಕಾ, ನೀವು?"

ಹೆಬ್ಬೆರಳು ಮೇಲೆ.

ಟ್ರೆಡ್‌ಮಿಲ್ಲಿನ ಕಂಬಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ಪಟ್ಟಿ ನಿಂತೇಹೋಗುತ್ತದೆ. ತಮ್ಮನ ಕೈ ಅದರತ್ತ ಹೋಯಿತು. ಅವನ ಮುಖ ಸುಣ್ಣದ ಹಾಗೆ ಬಿಳುಪಾಗಿತ್ತು. ಅಕ್ಕ ಓಡುತ್ತಲೇ ಇದ್ದಳು, ಮಾತಾಡಲು ಬಾಯಿ ಇರಲಿಲ್ಲ, ಇದ್ದಿದ್ದರೆ ಏನೇನು ಅನ್ನುತ್ತಿದ್ದಳೋ. ಅವಳು ಎಡಗೈ ಬೀಸಿ ಅವನ ಕೈಮೇಲೆ ಒಂದು ಬಿಟ್ಟಳು. ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿಗೆ ಕೈಹಾಕಿದಾಗ ಬಿಡುತ್ತಿದ್ದಳಲ್ಲ, ಅದೇ ಏಟು. ಅವನು ಕೈ ಹಿಂದಕ್ಕೆಳೆದುಕೊಂಡ. ಲ್ಯಾಬಿನ ಮೇಡಂ ಅವನನ್ನು ಗೋಡೆಯ ಪಕ್ಕಕ್ಕೆ ಕಳಿಸಿದಳು.

ಆಮೇಲೆ ಬಸ್ಸಕ್ಕ ಯಾರನ್ನೂ ನೋಡಲಿಲ್ಲ. ನೂರ ಎಪ್ಪತ್ತೈದು. ತೊಡೆ ಉರಿಯುತ್ತಿತ್ತು. ನೂರ ಎಂಬತ್ತು. ಅಪ್ಪನ ಮುಖ ಒಂದು ಸಲ ಬಂತು, ಬರಲಿ ಎಂದುಕೊಂಡಳು. ಹೆದರಿಕೆಯೂ ಆಯಿತು, ಇಲ್ಲವೆನ್ನುವುದು ಸುಳ್ಳು. ಆದರೆ ಹೆದರಿಕೆಗಿಂತ ಹಟ ಒಂದು ಹೆಜ್ಜೆ ಮುಂದೆಯೇ ಓಡುತ್ತಿತ್ತು. ನೂರ ಎಂಬತ್ತೇಳಕ್ಕೆ ಕಾಲು ನಿಜವಾಗಿಯೂ ಮುಗಿಯಿತು. ಹೆಬ್ಬೆರಳು ಕೆಳಗಾಯಿತು.

ಮಾಸ್ಕು ತೆಗೆದಾಗ ಅವಳು ಬೆವರು, ಜೊಲ್ಲು, ನಗು ಎಲ್ಲದರಲ್ಲೂ ಒದ್ದೆಯಾಗಿದ್ದಳು. ಮೇಡಂ ಪರದೆಯಲ್ಲಿ ಒಂದು ಗೆರೆಯನ್ನು ಬೆರಳಿಂದ ತೋರಿಸಿದಳು. ಮೇಲಕ್ಕೆ ಮೇಲಕ್ಕೆ ಹೋಗಿ ಕೊನೆಯಲ್ಲಿ ಅದು ಚಪ್ಪಟೆಯಾಗಿತ್ತು. "ಏರು ಹೆಚ್ಚಾದ್ರೂ ಆಮ್ಲಜನಕ ಹೆಚ್ಚಾಗಲಿಲ್ಲ, ನೋಡಿ. ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡು ಒಳಗೆ ತಗೊಂಡ ಆಮ್ಲಜನಕವನ್ನ ಚೆನ್ನಾಗೇ ದಾಟಿದೆ. ನಿಜವಾಗಲೂ ಕೊನೆ ಮುಟ್ಟಿದೀರ. ಮೂವತ್ನಾಲ್ಕು. ನಿಮ್ಮ ವಯಸ್ಸಿನ ಹೆಂಗಸರ ಸರಾಸರಿಗಿಂತ ಮೇಲೆ."

"ಕೇಳಿಸ್ತಾ?" ಎಂದಳು ಬಸ್ಸಕ್ಕ ಗೋಡೆಯ ಕಡೆ ತಿರುಗಿ.

ತಮ್ಮ ಸೀಟಿಯನ್ನು ಬೆರಳಲ್ಲಿ ತಿರುವಿದ. ಕೊನೆಗೆ ಹೇಳಿದ್ದೇನು ಗೊತ್ತೇ? "ಮೂವತ್ತೈದು ಬೇಕು ಅಕ್ಕಾ. ನಿಯಮ ನಿಯಮವೇ."

ಮೂಲೆಯಲ್ಲಿದ್ದ ಡಾಕ್ಟರಿಗೇ ಕೆಮ್ಮು ಬಂತು. ಬಸ್ಸಕ್ಕ ಮಾತ್ರ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಆಯ್ತು, ತರ್ತೀನಿ," ಎಂದಳು. "ಇದೇ ಮೆಷಿನ್ನಲ್ಲಿ ತರ್ತೀನಿ. ಆಮೇಲೆ ನಲವತ್ತು ಅಂದ್ರೆ ಸೀಟಿ ನುಂಗಿಸ್ತೀನಿ."

"ಮೇಷ್ಟ್ರೇ, ನೀವೂ ಒಂದ್ಸಲ ಹತ್ತಿ," ಎಂದಳು ಮೇಡಂ. ಅವನ ಗಡಿಯಾರ ನಲವತ್ತೆಂಟು ಎನ್ನುತ್ತದೆಂದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತು.

"ಶೂ ತಂದಿಲ್ಲ," ಎಂದ ಅವನು, ಕಾಲಲ್ಲಿ ಓಟದ ಶೂ ಇಟ್ಟುಕೊಂಡೇ.

ಅವನು ಹೋದ ಮೇಲೆ ಮೇಡಂ ಅವಳಿಗೆ ಎರಡು ವರ್ಷದ ತಪ್ಪನ್ನು ಬಿಡಿಸಿ ಹೇಳಿದಳು. ನೂರ ನಲವತ್ತೈದು, ನೂರ ಐವತ್ತರಲ್ಲಿ ದಿನಾ ಓಡಿದರೆ ಅದು ಆರಾಮದ ಓಟವೂ ಅಲ್ಲ, ಬಿರುಸಿನ ಓಟವೂ ಅಲ್ಲ. ಮೈಗೆ ದಣಿವು ಪೂರ್ತಿ, ಲಾಭ ಅರ್ಧ. ಶುರುವಿನಲ್ಲಿ ಹೇಗೆ ಓಡಿದರೂ ಉಸಿರು ಬೆಳೆಯುತ್ತದೆ, ಆಮೇಲೆ ನಿಂತುಬಿಡುತ್ತದೆ. ಅದನ್ನು ಮೇಲೆತ್ತಬೇಕೆಂದರೆ ಹೃದಯ ತನ್ನ ನಿಜವಾದ ಮಿತಿಯ ಹತ್ತಿರ ಒಂದಷ್ಟು ಹೊತ್ತು ದುಡಿಯಬೇಕು. ನಾಲ್ಕು ನಿಮಿಷ ಬಿರುಸು, ಮೂರು ನಿಮಿಷ ಮೆಲ್ಲಗೆ, ಹೀಗೆ ನಾಲ್ಕು ಸಲ. ವಾರಕ್ಕೆ ಒಂದು ದಿನದಿಂದ ಶುರುಮಾಡಿ ಎರಡಕ್ಕೆ ಹೋಗಬಹುದು. ಮಿಕ್ಕ ದಿನ ಪಕ್ಕದವರ ಜೊತೆ ಹರಟೆ ಹೊಡೆಯಬಲ್ಲಷ್ಟು ಹಗುರ.

"ಬಿರುಸು ಅಂದ್ರೆ ಎಷ್ಟು?"

"ನಿಮ್ಮ ಮಿತಿಯಲ್ಲಿ ನೂರಕ್ಕೆ ತೊಂಬತ್ತರಿಂದ ತೊಂಬತ್ತೈದು. ಅಂದ್ರೆ..." ಮೇಡಂ ಲೆಕ್ಕ ಹಾಕಿ ನಕ್ಕಳು. "ನೂರ ಅರವತ್ತೆಂಟರಿಂದ ಮೇಲೆ."

ಗಡಿಯಾರ ಎಲ್ಲಿ ಮುಗಿಯಿತು ಎಂದಿತ್ತೋ, ಕೆಲಸ ಶುರುವಾಗುವುದೇ ಅಲ್ಲಿಂದ! ಬಸ್ಸಕ್ಕ ಕುರ್ಚಿಯಲ್ಲಿ ಕೂತೇ ತೊಡೆ ತಟ್ಟಿದಳು.

ಆಮೇಲಿನ ವಾರಗಳಲ್ಲಿ ಅವಳು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಡಿಪೋ ಹಿಂದಿನ ಏರೇ ಅವಳ ಟ್ರ್ಯಾಕು. ಗಡಿಯಾರದ ಮಿತಿಯನ್ನು ನೂರ ಎಂಬತ್ತೇಳಕ್ಕೆ ತಿದ್ದಿದಳು. ಗುರ್ರೆನ್ನುವುದನ್ನು ಯಜಮಾನರೇ ಬಂದ್ ಮಾಡಿಕೊಟ್ಟರು, ಬಹಳ ಸಂತೋಷದಿಂದ. ಮೊದಲ ಸಲ ಎರಡನೆಯ ಸುತ್ತಿಗೇ ಬೇಲಿ ಹಿಡಿದು ನಿಂತಳು. ಬೇಗ ಹುರುಪು ತೋರಿಸಿ ಮೊದಲ ನಿಮಿಷದಲ್ಲೇ ಎಲ್ಲ ಖರ್ಚು ಮಾಡಿಬಿಟ್ಟಿದ್ದಳು. ಮೂರನೆಯ ವಾರಕ್ಕೆ ಹದ ಸಿಕ್ಕಿತು. ಕಷ್ಟವಾದದ್ದು ಬಿರುಸಿನ ದಿನವಲ್ಲ, ಮೆಲ್ಲಗೆ ಓಡುವ ದಿನ. ಹಾಲಿನ ವ್ಯಾನಿನವನು "ಏನಕ್ಕಾ, ಹುಷಾರಿಲ್ವಾ?" ಎಂದು ಕೇಳಿದಾಗ ನಾಲಿಗೆ ಕಚ್ಚಿಕೊಂಡು ಹಾಗೆಯೇ ಆಮೆನಡೆಯಲ್ಲಿ ಹೋಗಬೇಕಿತ್ತು. ಹಲ್ಲುಕಚ್ಚಿ ಓಡುವುದು ಅವಳಿಗೆ ಗೊತ್ತಿತ್ತು, ಹಲ್ಲುಕಚ್ಚಿ ನಿಧಾನ ಮಾಡುವುದು ಹೊಸದು.

ಆ ನಡುವೆ ಐವತ್ಮೂರು ತುಂಬಿತು. ತಮ್ಮ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಬಂದ, ಅವಳ ಮುಖವನ್ನೇ ಕದ್ದು ಕದ್ದು ನೋಡಿದ, ಓಟದ ಸುದ್ದಿ ಎತ್ತಲಿಲ್ಲ. ಹೊರಡುವಾಗ ಬಾಗಿಲ ಬಳಿ, "ಎದೆಯಲ್ಲಿ ಏನೂ ಅನ್ನಿಸಲ್ಲ ತಾನೆ?" ಎಂದ. "ಅನ್ನಿಸತ್ತೆ, ನಿನ್ನ ತಲೆ ಮೇಲೆ ಮೊಟಕಬೇಕು ಅಂತ," ಎಂದಳು. ಆದರೆ ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತ ಅವಳಿಗೆ ಒಂದು ಮಾತು ಹೊಳೆಯಿತು. ತಮ್ಮ ಓಡುವುದನ್ನು ನೋಡಿ ಎಷ್ಟು ಕಾಲವಾಯಿತು? ಸೀಟಿ ಊದುತ್ತಾನೆ, ಕೂಗುತ್ತಾನೆ, ನೀಲಿ ಗುಂಪಿನ ಹಿಂದೆ ಮೆಲ್ಲಗೆ ಕಾಲೆಳೆಯುತ್ತಾನೆ. ಬಿರುಸಾಗಿ ಓಡಿದ್ದನ್ನು ಅವಳು ಕಂಡದ್ದು, ಅಪ್ಪ ಇದ್ದಾಗ.

ಎರಡನೆಯ ಪರೀಕ್ಷೆ ಮೊದಲಿನದರ ಹಾಗೆಯೇ ನಡೆಯಿತು, ಗೋಡೆಯ ಪಕ್ಕ ಮಾತ್ರ ಯಾರೂ ಇರಲಿಲ್ಲ. ಸಿರಿಂಜು, ಸಿಲಿಂಡರು, ಮಾಸ್ಕು, ಹೆಬ್ಬೆರಳು. ಎದೆಬಡಿತ ಈ ಸಲವೂ ನೂರ ಎಂಬತ್ತೇಳರ ಹತ್ತಿರವೇ ನಿಂತಿತು. ತರಬೇತಿಯಿಂದ ಅದು ಏರುವುದಿಲ್ಲ, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಹೆಚ್ಚುತ್ತದೆ, ಎಂದಳು ಮೇಡಂ. ಏರು ಮಾತ್ರ ಹಿಂದಿನ ಸಲಕ್ಕಿಂತ ಎರಡು ಮೆಟ್ಟಿಲು ಮೇಲೆ ಹೋಗಿತ್ತು. ಪರದೆ ಮೂವತ್ತೇಳು ತೋರಿಸಿತು. ಮೇಡಂ ಚಪ್ಪಾಳೆ ತಟ್ಟಿದಳು. "ಎಲ್ಲರಿಗೂ ಇಷ್ಟೇ ಏರಲ್ಲ ಅಕ್ಕಾ. ನಿಮ್ಮದು ಚೆನ್ನಾಗೇ ಏರಿದೆ."

ಗುರುವಾರ ಬೆಳಿಗ್ಗೆ ಬಸ್ಸಕ್ಕ ಟ್ರ್ಯಾಕಿಗೆ ಬಂದು ಕೆಂಪು ಗುಂಪಿನ ಸಾಲಿನಲ್ಲಿ ನಿಂತಳು. ಅವಳಿಗೆ ನಮಸ್ಕಾರ ಹೊಡೆದು ದಾಟಿದ್ದ ಹುಡುಗರು ಜಾಗ ಬಿಟ್ಟುಕೊಟ್ಟರು. ತಮ್ಮ ಅವಳನ್ನು ಕಂಡು ಸೀಟಿ ಬಾಯಿಂದ ತೆಗೆದ.

"ಎಷ್ಟು?"

"ಮೂವತ್ತೇಳು. ಮೇಡಂಗೆ ಫೋನ್ ಮಾಡಿ ಕೇಳ್ಕೋ."

ಅವನು ಫೋನ್ ತೆಗೆಯಲಿಲ್ಲ. "ಅಕ್ಕಾ, ಇನ್ನೊಂದು ತಿಂಗಳು ನೋಡೋಣ. ಬಿಸಿಲು ಜಾಸ್ತಿ ಈಗ..."

ಸೂರ್ಯ ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ.

ಇಷ್ಟು ದಿನ ತಡೆದಿಟ್ಟ ಸಿಟ್ಟು ಅಲ್ಲಿಗೆ ಕಟ್ಟೆಯೊಡೆಯಿತು. ಅವಳು ಸಾಲು ಬಿಟ್ಟು ಅವನ ಹತ್ತಿರ ಹೋದಳು, ಆದರೆ ದನಿ ತಗ್ಗಿಸಲಿಲ್ಲ. "ನಿಯಮ ಅಂತೆ, ನಂಬರ್ ಅಂತೆ, ಈಗ ಬಿಸಿಲಂತೆ! ಹೆದರಿಕೆ ಅಂತ ಯಾಕೋ ಹೇಳಲ್ಲ? ಅಪ್ಪ ಓಡಿದ್ದಕ್ಕೆ ಸತ್ರು ಅಂತ ತಿಳ್ಕೊಂಡಿದೀಯ ನೀನು. ಅಪ್ಪ ಓಡದೇ ಇದ್ದಿದ್ದಕ್ಕೆ ಸತ್ರು. ಸಿಗರೇಟು ಸೇದ್ಕೊಂಡು ಕೂತಿದ್ದು, ವರ್ಷಕ್ಕೊಂದು ಸಲ ಬಸ್ಸಿಗೆ ಅಂತ ಓಡಿದ್ರು. ನನ್ನ ಎದೇಲಿರೋದು ನಂದು. ನಿನ್ನ ಎದೇಲಿರೋದು ನಿಂದು. ಅಪ್ಪಂದು ಅಪ್ಪನ ಜೊತೆ ಹೋಯ್ತು."

ತಮ್ಮನ ಕಣ್ಣು ತುಂಬಿತ್ತು. "ನಾನು ಚೀಲ ಹಿಡ್ಕೊಂಡಿದ್ದೆ ಅಕ್ಕಾ," ಎಂದ, ಅವಳಿಗಷ್ಟೇ ಕೇಳುವ ಹಾಗೆ. "ಬೇಗ ಬಾ ಅಪ್ಪಾ, ಬೇಗ ಬಾ ಅಂತ ನಾನೇ ಕೂಗ್ತಿದ್ದೆ."

ಇದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಯಾರಿಗೂ ಹೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಪ್ಪಿಕೊಂಡು ಅಳುತ್ತಿದ್ದರೇನೋ. ಅವಳು ಮಣಿಕಟ್ಟಿನ ಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು.

"ಇದನ್ನ ಇಟ್ಕೋ. ಈಗ ನನಗೂ ಕೂಗು," ಎಂದಳು. "ಬೇಗ ಬಾ ಅಂತ ಕೂಗು. ನಾನು ಬರ್ತೀನಿ, ನೋಡ್ಕೋ."

ಮೊದಲ ಸೀಟಿ ಸರಿಯಾಗಿ ಬರಲೇ ಇಲ್ಲ, ಬರೀ ಗಾಳಿ ಬಂತು. ಎರಡನೆಯ ಸಲ ಊದಿದ. ಗುಂಪು ಹೊರಟಿತು. ಬಸ್ಸಕ್ಕ ಮುಂದಿರಲಿಲ್ಲ, ಹಿಂದೆಯೂ ಬೀಳಲಿಲ್ಲ. ತನ್ನ ಹದ ಅವಳಿಗೆ ಗೊತ್ತಿತ್ತು. ನಾಲ್ಕು ನಿಮಿಷ ಮುಗಿದು ಮೆಲ್ಲಗೆ ಓಡುತ್ತ ಅವನ ಮುಂದೆ ಬಂದಾಗ ಅವನು ಅವಳ ಮುಖವನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದ. ಎರಡನೆಯ ಸುತ್ತಿಗೆ ಮೈದಾನದ ಆಚೆ ತುದಿಯಲ್ಲಿ ಅವಳು ಕಾಣದಾದಳೋ ಏನೋ, ನಡುವಿನ ಹುಲ್ಲನ್ನು ಅಡ್ಡ ದಾಟಿ ಆ ಬದಿಗೆ ಹೋದ. ಮೂರನೆಯದಕ್ಕೆ ಮತ್ತೆ ಈ ಬದಿಗೆ. ನಾಲ್ಕನೆಯದರಲ್ಲಿ ಅಡ್ಡ ದಾಟುವುದನ್ನು ಬಿಟ್ಟು, ಟ್ರ್ಯಾಕಿನ ಒಳಅಂಚಿನ ಹುಲ್ಲಿನ ಮೇಲೆ ಅವಳ ಪಕ್ಕದಲ್ಲೇ ಬಂದ. ಸೀಟಿ ಎದೆಯ ಮೇಲೆ ಟಪಟಪ ಕುಣಿಯುತ್ತಿತ್ತು.

"ಓಡ್ತಾ ಇದೀಯಲ್ಲೋ!" ಎಂದಳು ಉಸಿರಿನ ಸಂದಿಯಲ್ಲಿ.

"ಇಲ್ಲ. ನೋಡ್ತಾ ಇದೀನಿ ಅಷ್ಟೇ. ಬೇಗ ಬಾ. ಬೇಗ ಬಾ ಅಕ್ಕಾ!"

ಕೊನೆಯ ತಿರುವಿನಲ್ಲಿ ನಮಸ್ಕಾರದ ಹುಡುಗರಲ್ಲಿ ಒಬ್ಬನನ್ನು ಅವಳು ದಾಟಿದಳು. ನಮಸ್ಕಾರ ಹೊಡೆಯಲು ಉಸಿರು ಉಳಿದಿರಲಿಲ್ಲ, ಇಲ್ಲದಿದ್ದರೆ ಬಿಡುತ್ತಿರಲಿಲ್ಲ.

ಗೆರೆ ದಾಟಿ ಒಂದಷ್ಟು ದೂರ ನಡೆದು ಹಿಂದಿರುಗಿ ನೋಡಿದರೆ ತಮ್ಮ ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತಿದ್ದ. ಮುಖ ಕೆಂಪಾಗಿತ್ತು. ಒಂದು ಕೈ ಎದೆಯ ಮೇಲಿತ್ತು. ಅವಳು ಹತ್ತಿರ ಓಡಿದಳು.

"ನೋವಾ?"

"ಇಲ್ಲ. ತುಂಬಾ ಜೋರಾಗಿ ಹೊಡ್ಕೋತಿದೆ ಅಷ್ಟೇ."

"ತಲೆ ಸುತ್ತತ್ತಾ?"

"ಇಲ್ಲ ಅಕ್ಕಾ."

"ಹಾಗಿದ್ರೆ ಹೊಡ್ಕೊಳ್ಳಲಿ ಬಿಡು. ಅದರ ಕೆಲಸ ಅದು ಮಾಡ್ತಿದೆ." ಅವಳು ಅವನ ಬೆನ್ನ ಮೇಲೆ ಕೈಯಿಟ್ಟು, ಆ ಬಡಿತ ಅಂಗೈಗೆ ತಾಗುವವರೆಗೂ ಹಾಗೆಯೇ ನಿಂತಳು. ಅದು ಮೆಲ್ಲಮೆಲ್ಲಗೆ ಇಳಿಯತೊಡಗಿತು. ಅವನು ತನ್ನ ಗಡಿಯಾರ ನೋಡಿಕೊಳ್ಳಲಿಲ್ಲ, ಅವಳದನ್ನೂ ನೋಡಲಿಲ್ಲ.

"ನಾಳೆ ನನ್ನ ಡಾಕ್ಟರ್ ಹತ್ರ ಹೋಗೋಣ," ಎಂದಳು. "ಅವರು ಹೂಂ ಅಂದ ಮೇಲೆ ಲ್ಯಾಬಿಗೆ. ಶೂ ತಂದಿಲ್ಲ ಅಂದ್ರೆ ನನ್ನದೇ ಹಾಕ್ತೀನಿ."

ಅವನು ಬಗ್ಗಿಕೊಂಡೇ ತಲೆಯಾಡಿಸಿದ. ಆಮೇಲೆ ಸಣ್ಣ ಹುಡುಗನ ಹಾಗೆ, "ನೀನೂ ಬರ್ತೀಯಾ?" ಎಂದ.

"ಬರ್ದೇ ಏನು? ಕೆಂಪು ಗುಂಡಿ ಪಕ್ಕದಲ್ಲೇ ನಿಂತಿರ್ತೀನಿ," ಎಂದಳು ಬಸ್ಸಕ್ಕ. "ಮುಟ್ಟಲ್ಲ."